ರಾಡ್ ಬಚ್ಚಿಟ್ಟರೆ ಲೆಕ್ಕ ಸಿಗುವುದಿಲ್ಲ

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಎನರ್ಜಿ ಕ್ಲಬ್‌ನಲ್ಲಿ ಹತ್ತು ನಿಮಿಷ ಮಾತಾಡಬೇಕು. ಹಾಸ್ಟೆಲ್ ರೂಮಿನ ಕರೆಂಟು ಖರ್ಚನ್ನು ನೀವೇ ಲೆಕ್ಕ ಹಾಕಿ ಅಂತ ಎಲ್ಲರಿಗೂ ಹೇಳಬೇಕು. ಫೋನ್ ಚಾರ್ಜರ್ ಪ್ಲಗ್‌ನಲ್ಲೇ ಬಿಡಬೇಡಿ ಅಂತ ಶುರು ಮಾಡಿದ್ದೇನೆ. ಸಪ್ಪೆ ಅನಿಸುತ್ತಿದೆ. ಎಲ್ಲಿಂದ ಶುರು ಮಾಡಲಿ?
– ಒಬ್ಬಳು ವಿದ್ಯಾರ್ಥಿನಿ, ಕಾಸರಗೋಡು

ಉತ್ತರ: ಚಾರ್ಜರ್ ಬಿಟ್ಟುಬಿಡಿ. ಈಗಿನ ಒಳ್ಳೆ ಚಾರ್ಜರ್ ಫೋನ್ ಇಲ್ಲದೆ ಸುಮ್ನೆ ಪ್ಲಗ್‌ನಲ್ಲಿದ್ದರೆ ಕಾಲು ವ್ಯಾಟ್ ಎಳೆಯುವುದೂ ಕಷ್ಟ. ತಿಂಗಳಿಡೀ ಹಾಗೇ ಬಿಟ್ಟರೂ ಕಾಲು ಯೂನಿಟ್ ಆಗುವುದಿಲ್ಲ. ಅದರಿಂದ ಶುರು ಮಾಡಿದರೆ ಕೇಳುವವರು ಚಾರ್ಜರ್ ಕಿತ್ತಿಟ್ಟು, ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ.

ಫ್ಯಾನಿನಿಂದ ಶುರು ಮಾಡಿ. ಹಳೆ ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುವಾಗ ಸುಮಾರು 75 ವ್ಯಾಟ್. ದಿನಕ್ಕೆ 14 ಗಂಟೆ ಅಂದರೆ 1050 ವ್ಯಾಟ್-ಗಂಟೆ, ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ನಮ್ಮ ಕಡೆಯ ಸೆಕೆಗೆ ಫ್ಯಾನ್ ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ, ನೀವೂ ಹೇಳಬೇಡಿ. ಆದರೆ ಮಳೆಗಾಲದಲ್ಲಿ ಒಮ್ಮೆ ರೂಮುಗಳನ್ನು ನೋಡಿ ಬನ್ನಿ. ಕಿಟಕಿಯಿಂದ ಬಾಗಿಲಿಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹಾಕಿರುತ್ತಾರೆ, ಕೆಳಗೆ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ, ಎಲ್ಲರೂ ಕ್ಲಾಸಿಗೆ ಹೋಗಿದ್ದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಇದು ಬೇಜವಾಬ್ದಾರಿ ಅಲ್ಲ, ಒಣಗಿಸಲು ಬೇರೆ ಜಾಗ ಇಲ್ಲ ಅಷ್ಟೆ. ಇಂಥದ್ದು ಕಣ್ಣಿಗೆ ಬೀಳಲಿ ಅಂತಲೇ ಲೆಕ್ಕ ಮಾಡುವುದು.

ಇನ್ನು ಯಾರೂ ಬಾಯಿ ಬಿಡದ ವಸ್ತು, ನೀರು ಕಾಯಿಸುವ ರಾಡ್. 1500 ವ್ಯಾಟಿನ ರಾಡ್ ಒಂದು ಬಕೆಟ್ ನೀರಿಗೆ 15 ನಿಮಿಷ ಇದ್ದರೆ 0.375 ಯೂನಿಟ್. ರೂಮಿನಲ್ಲಿ ಮೂರು ಜನ ಅಂದರೆ ಮೂರು ಬಕೆಟ್, 1.1 ಯೂನಿಟ್. ಅಂದರೆ ಮುಕ್ಕಾಲು ಗಂಟೆಯ ರಾಡೂ 14 ಗಂಟೆಯ ಫ್ಯಾನೂ ಹೆಚ್ಚುಕಡಿಮೆ ಒಂದೇ. ಈ ಮಾತನ್ನು ವೇದಿಕೆಯಲ್ಲಿ ಹೇಳಿ, ಕೂತವರು ತಲೆ ಎತ್ತುತ್ತಾರೆ.

ತೊಂದರೆ ಏನೆಂದರೆ, ಹೆಚ್ಚಿನ ಹಾಸ್ಟೆಲ್‌ಗಳಲ್ಲಿ ರಾಡ್ ಇಡುವಂತಿಲ್ಲ. ಹಾಗಾಗಿ ನೀವು ಪಟ್ಟಿ ಹಿಡಿದುಕೊಂಡು ಬಾಗಿಲು ತಟ್ಟಿದರೆ ಅದು ಮಂಚದ ಕೆಳಗಿನ ಬ್ಯಾಗಿಗೆ ಹೋಗುತ್ತದೆ. ಫ್ಯಾನ್, ಲೈಟ್, ಲ್ಯಾಪ್‌ಟಾಪ್ ಬರೆದುಕೊಂಡು ವಾಪಸ್ ಬರುತ್ತೀರಿ. ಎಲ್ಲಕ್ಕಿಂತ ದೊಡ್ಡ ಖರ್ಚೇ ಪಟ್ಟಿಯಲ್ಲಿ ಇರುವುದಿಲ್ಲ.

ಅದು ತಪ್ಪಿಹೋಗಿದೆ ಅಂತ ತಿಳಿಯುವುದು ಮೀಟರಿನಿಂದ. ಒಂದು ವಾರ ದಿನವೂ ಬೆಳಗ್ಗೆ 6ಕ್ಕೆ, 8ಕ್ಕೆ, ಸಂಜೆ 5ಕ್ಕೆ, ರಾತ್ರಿ 10ಕ್ಕೆ ಹಾಸ್ಟೆಲ್ ಮೀಟರಿನ kWh ಅಂಕಿ, ಅಂದರೆ ಯೂನಿಟ್ ಎಷ್ಟು ಅಂತ ಬರೆದಿಡಿ. ದೊಡ್ಡ ಕಟ್ಟಡದ ಮೀಟರಾದರೆ ಕಾಣುವ ಅಂಕಿಯನ್ನು ಇಂತಿಷ್ಟರಿಂದ ಗುಣಿಸಬೇಕಾಗಬಹುದು, ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಕೇಳಿಕೊಳ್ಳಿ. ನೀರಿನ ಪಂಪ್ ಎಷ್ಟು ಹೊತ್ತು ಓಡಿತು ಅಂತಲೂ ಬರೆಯಿರಿ.

ಈಗ 40 ರೂಮಿನ, 120 ಜನರ, ಗೀಸರ್ ಇಲ್ಲದ ಹಾಸ್ಟೆಲ್ ಅಂದುಕೊಳ್ಳೋಣ. ಬೆಳಗ್ಗೆ 6ರಿಂದ 8ರವರೆಗೆ ಪ್ರತಿ ರೂಮಿನಲ್ಲೂ ಒಂದು ಫ್ಯಾನ್, 20 ವ್ಯಾಟಿನ ಒಂದು ಎಲ್‌ಇಡಿ ಟ್ಯೂಬ್. ಎರಡು ಗಂಟೆಗೆ ಎಲ್ಲ ಸೇರಿ 8 ಯೂನಿಟ್ ಒಳಗೇ. ಪಂಪ್, ವರಾಂಡದ ಲೈಟು, ಅಡುಗೆಮನೆಯದ್ದು ಕಳೆದ ಮೇಲೂ ಮೀಟರ್ 40 ಯೂನಿಟ್ ಓಡಿದೆ ಅಂದರೆ? ಉಳಿದ 32 ಯೂನಿಟ್ ಅಂದರೆ ಸುಮಾರು 85 ಬಕೆಟ್ ಬಿಸಿನೀರು. ಕೆಟಲ್, ಇಸ್ತ್ರಿ ಪೆಟ್ಟಿಗೆಯೂ ಅದರಲ್ಲಿ ಸೇರಿರಬಹುದು, ಮೀಟರ್ ಅಷ್ಟು ಬಿಡಿಸಿ ಹೇಳುವುದಿಲ್ಲ. ಆದರೆ ಬೆಳಗ್ಗೆ ಮಾತ್ರ ಹೀಗೆ ಏರಿ, ಕ್ಲಾಸಿನ ಹೊತ್ತಿಗೆ ಇಳಿದರೆ ಅದು ಬಿಸಿ ಮಾಡುವ ವಸ್ತುಗಳದ್ದೇ ಕೆಲಸ.

ಆದ್ದರಿಂದ ಭಾಷಣದಲ್ಲಿ ಒಂದು ಮಾತು ಕೊಡಿ, ಅದಕ್ಕೂ ಮೊದಲು ವಾರ್ಡನ್ ಹತ್ತಿರ ಅದನ್ನು ಒಪ್ಪಿಸಿಕೊಳ್ಳಿ: ಚೀಟಿಯಲ್ಲಿ ಹೆಸರೂ ಬೇಡ, ರೂಮ್ ನಂಬರೂ ಬೇಡ, ಯಾರ ವಸ್ತುವನ್ನೂ ಕಿತ್ತುಕೊಳ್ಳುವುದಿಲ್ಲ. ಏನೇನಿದೆ, ಎಷ್ಟು ವ್ಯಾಟ್, ಎಷ್ಟು ಹೊತ್ತು, ಇಷ್ಟೇ. ಬರೆದು ಡಬ್ಬಿಗೆ ಹಾಕಲಿ.

ನಾನು ಹಾಸ್ಟೆಲಿನಲ್ಲಿದ್ದಾಗ ನಮ್ಮ ರೂಮಿನಲ್ಲೂ ಒಂದು ರಾಡ್ ಇತ್ತು. 1500 ವ್ಯಾಟ್ ಅಂದರೆ ಆರೂವರೆ ಆಂಪಿಯರ್. ನಾವು ಅದನ್ನು ಫೋನ್ ಚಾರ್ಜ್ ಮಾಡುವಂಥ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕುತ್ತಿದ್ದೆವು. ಕೆಲವು ತಿಂಗಳಲ್ಲಿ ಸಾಕೆಟ್ಟಿನ ತೂತುಗಳ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತು, ಪ್ಲಗ್ ಕೀಳುವಾಗ ಬೆರಳು ಸುಡುತ್ತಿತ್ತು, ಒಂಥರಾ ಮೀನಿನ ವಾಸನೆ. ಹೇಳಿದರೆ ರಾಡ್ ಹೋಗುತ್ತದೆ ಅಂತ ಮೂರೂ ಜನ ಸುಮ್ಮನಿದ್ದೆವು. ಇವತ್ತು ನೆನೆದರೆ ಭಯವಾಗುತ್ತದೆ. ಚೀಟಿಯಲ್ಲಿ ಇದನ್ನೂ ಕೇಳಿ: ನಿಮ್ಮ ಸಾಕೆಟ್ ಕಂದಾಗಿದೆಯಾ, ಬಿಸಿಯಾಗುತ್ತದೆಯಾ? ಹೌದು ಅಂದವರಿಗೆ ಅದನ್ನು ಅವತ್ತೇ ಬಳಸುವುದು ನಿಲ್ಲಿಸಿ ಅಂತ ವೇದಿಕೆಯಿಂದಲೇ ಹೇಳಿ.

ವಾರದ ಲೆಕ್ಕ ಕೈಯಲ್ಲಿದ್ದರೆ ಮುಂದೆ ಕೇಳಲು ದಾರಿಯಾಗುತ್ತದೆ. ಬಚ್ಚಲಿಗೆ ಸೋಲಾರ್ ನೀರು ಕಾಯಿಸುವ ವ್ಯವಸ್ಥೆ, ಬಟ್ಟೆ ಒಣಗಿಸಲು ಶೀಟ್ ಹಾಕಿದ ಒಂದು ಜಾಗ, ಕೆಟ್ಟ ಫ್ಯಾನ್ ಬದಲಿಸುವಾಗ 30 ವ್ಯಾಟಿನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್. ಮಳೆ ಹಿಡಿದಾಗ ಸೋಲಾರ್ ನೀರು ಬಿಸಿಯಾಗುವುದು ಕಮ್ಮಿ, ಅದನ್ನೂ ಮುಚ್ಚಿಡಬೇಡಿ.

ಚೀಟಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚು ಹಾಕಿಸಿ. ಅಂಕಿ ಸಿಕ್ಕಿದ ಮೇಲೆ ನಮಗೂ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ.