ಲೆಟರಿಂಗ್: ಮೊದ್ಲ ಎಲುಬು, ಆಮ್ಯಾಲ ದಪ್ಪ

"ಅಕ್ಷರ ದಪ್ಪ ಮಾಡಿದ್ರ ಒಂದಕ್ಕೊಂದು ಅಂಟ್ಕೋತಾವ, ಏನ್ ಮಾಡ್ಬೇಕ್ರಿ?"

ದಪ್ಪಕ್ಕ ಜಾಗಾ ಮೊದ್ಲೇ ಬಿಡ್ಬೇಕ್ರಿ. 'ಕಲಬುರಗಿ' ಅಂತ ಬರೀತೀರಿ ಅನ್ಕೊಳ್ರಿ, 2ಎಚ್ ಪೆನ್ಸಿಲ್ ಹಗುರಾಗಿ ಹಿಡ್ದು ಒಂದೇ ಗೆರಿ ಅಕ್ಷರ ಹಾಕ್ರಿ, ಅದೇ ಎಲುಬು. ದಪ್ಪ 6 ಮಿಮೀ ಬೇಕಂದ್ರ ಗೆರಿಯ ಎರಡೂ ಕಡಿ 3-3 ಬೆಳೀತದ, ಹಂಗಾಗಿ ಅಕ್ಷರದ ನಡುವಿನ 10 ಮಿಮೀ ಸಂದಿ 4ಕ್ಕ ಇಳೀತದ, 'ಬು'ದ ಕೊಂಬು 'ರ' ಕಡಿ ಚಾಚ್ತದಲ್ಲ, ಅಲ್ಲಿ ಇನ್ನೂ ಜಾಸ್ತಿ ಬಿಡ್ರಿ. ಹಾಳಿ ತಲೆಕೆಳಗ ಮಾಡಿದ್ರ ಓದೋದು ತಪ್ಪಿ ಬರೇ ಸಂದಿ ಕಾಣ್ತಾವ, ನನಗ ಇದು ಭಾಳ ಉಪಯೋಗ ಆಗ್ಯದ.

ಅಲಂಕಾರಕ್ಕ ಹಾಕೋ ಬಳ್ಳಿಯಂಥ ಗೆರಿ ಕೊನೀಗೆ, 'ಗಿ' ಗುಡಿಸಿನಿಂದ ತೆಳ್ಳಗ ಎಳೀರಿ, ದಪ್ಪ ಗೆರಿ ಮ್ಯಾಲ ದಪ್ಪ ಬಳ್ಳಿ ದಾಟಿದ್ರ ಅಲ್ಲಿ ಕರಿ ಗಂಟಿನಂಗ ಕಾಣ್ತದ. ಇಂಕ್ ಹಾಕೋಕಿಂತ ಮೊದ್ಲ ಮೆತ್ತನ ರಬ್ಬರ್ ಒತ್ತಿ ಗೆರಿ ಮಸುಕು ಮಾಡ್ರಿ, ಪೂರಾ ಅಳಿಸಬ್ಯಾಡ್ರಿ.