ಚಿಕ್ಕಪ್ಪ ನಿಂತಿದ್ದು ನೇವಿ ಪಿಯರ್‌ನಲ್ಲಿ ಅಲ್ಲ

ಪ್ರಶ್ನೆ: ಚಿಕ್ಕಪ್ಪ 1980ರ ದಶಕದಲ್ಲಿ ಶಿಕಾಗೊದಲ್ಲಿದ್ದರು. ಕೆರೆದಂಡೆಯ ಕಲ್ಲುಕಟ್ಟೆ ಮೇಲೆ ನಿಂತ ಒಂದು ಫೋಟೋ ಇದೆ. ಹಿಂದೆ ನೀರು, ಆಮೇಲೆ ಎಡದಿಂದ ಸಿಯರ್ಸ್ ಟವರ್, ಒಂದು ಬಿಳಿ ಕಟ್ಟಡ, ಹ್ಯಾನ್ಕಾಕ್. ಮನೆಯವರು ನೇವಿ ಪಿಯರ್ ಅಂತಾರೆ. ಮ್ಯಾಪ್‌ನಲ್ಲಿ ಕಟ್ಟಡಗಳ ಆಕಾರ ಹೊಂದಿಸಿ ನೋಡಿದೆ, ಸರಿಹೋಗ್ತಿಲ್ಲ. ಪ್ರಿಂಟ್ 6×4 ಇಂಚು. ಕ್ಯಾಮೆರಾ ಈಗಲೂ ಇದೆ, 35 ಮಿ.ಮೀ. ಲೆನ್ಸ್. ಎಲ್ಲಿ ನಿಂತಿದ್ದರು?

ಮ್ಯಾಪ್‌ನ ಚೌಕಕ್ಕೂ ಫೋಟೋದ ಆಕಾರಕ್ಕೂ ನೇರ ಹೊಂದಿಸೋಕೆ ಹೊರಟರೆ ಸರಿಹೋಗೋದೇ ಇಲ್ಲ. ತಿಂಗಳಿಗೆ ನಾಲ್ಕು ಪತ್ರ ಇದೇ ತಪ್ಪಿನದ್ದು ಬರುತ್ತೆ. ಮ್ಯಾಪ್ ತೋರಿಸೋದು ಕಟ್ಟಡದ ಬುಡ, ಫೋಟೋದಲ್ಲಿ ಕಾಣೋದು ತಲೆ. ಸಿಯರ್ಸ್ (2009ರಿಂದ ಅದರ ಹೆಸರು ವಿಲ್ಲಿಸ್) ಒಂಬತ್ತು ಚೌಕ ಕೊಳವೆಗಳನ್ನು ಮೂರು ಸಾಲಾಗಿ ಜೋಡಿಸಿದ ಕಟ್ಟಡ. ಎಲ್ಲ ಕೊಳವೆಯೂ ಮೇಲಿನ ತನಕ ಹೋಗಲ್ಲ. ವಾಯವ್ಯ ಮತ್ತು ಆಗ್ನೇಯದವು 50ನೇ ಮಹಡಿಗೆ ನಿಲ್ಲುತ್ತವೆ, ಈಶಾನ್ಯ ಮತ್ತು ನೈಋತ್ಯದವು 66ಕ್ಕೆ, ಉತ್ತರ, ಪೂರ್ವ, ದಕ್ಷಿಣದವು 90ಕ್ಕೆ. ತುದಿ ತನಕ ಹೋಗೋದು ನಡುವಿನದು ಮತ್ತು ಪಶ್ಚಿಮದ್ದು, ಅವೆರಡೇ. ಇದೊಂದೂ ಮ್ಯಾಪ್‌ನ ಗೆರೆಯಲ್ಲಿ ಇಲ್ಲ.

ಆದರೆ ಇದನ್ನು ತಿಳಿದುಕೊಂಡರೆ ಆ ಕಟ್ಟಡ ಒಂದೇ ದಿಕ್ಸೂಚಿ ಥರ ಕೆಲಸ ಮಾಡುತ್ತೆ. ಉತ್ತರದಿಂದ ನೋಡಿದರೆ ತುದಿಯ ತಗ್ಗು ಭುಜ ಎಡಕ್ಕೆ, ದಕ್ಷಿಣದಿಂದ ನೋಡಿದರೆ ಬಲಕ್ಕೆ, ಪೂರ್ವದಿಂದ ನೋಡಿದರೆ ಎರಡೂ ಕಡೆ ಸಮ. ನಿಮ್ಮ ಫೋಟೋದಲ್ಲಿ ನಮ್ಮ ಕಡೆಗೆ ಚಾಚಿದ ಮೂಲೆ ಒಟ್ಟು ಎತ್ತರದ ಅರ್ಧಕ್ಕಿಂತ ಕೆಳಗೇ ನಿಂತುಬಿಟ್ಟಿದೆ. ಅಂದರೆ 50ರ ಮೂಲೆ, ಅಂದರೆ ಆಗ್ನೇಯ ಅಥವಾ ವಾಯವ್ಯ. ವಾಯವ್ಯಕ್ಕೆ ಹೋದರೆ ಮುಂದೆ ಕೆರೆ ಸಿಗಲ್ಲ. ಹಾಗಾಗಿ ಆಗ್ನೇಯ. ನೇವಿ ಪಿಯರ್ ಇರೋದು ಸಿಯರ್ಸ್‌ನ ಈಶಾನ್ಯಕ್ಕೆ. ಮನೆಯವರ ಮಾತು ಇಲ್ಲಿಗೇ ಬಿತ್ತು.

ಇನ್ನೊಂದು ಸಾಕ್ಷಿ ಬೇಕಾ? ನೇವಿ ಪಿಯರ್‌ನ ನಡುವಿನಿಂದ ನೋಡಿದರೂ ಎಡದಿಂದ ಬಲಕ್ಕೆ ಇದೇ ಕ್ರಮ ಬರುತ್ತೆ: ಸಿಯರ್ಸ್, ಬಿಳಿ ಕಟ್ಟಡ, ಹ್ಯಾನ್ಕಾಕ್. ಮನೆಯವರು ಮೋಸಹೋಗಿದ್ದು ಇಲ್ಲೇ ಇರಬೇಕು. ಆದರೆ ಅಲ್ಲಿಂದ ಮೊದಲಿನ ಎರಡು ಹೆಚ್ಚುಕಡಿಮೆ ಒಂದರ ಹಿಂದೆ ಒಂದು ನಿಲ್ಲುತ್ತವೆ, ಹ್ಯಾನ್ಕಾಕ್ ಎಲ್ಲೋ 55 ಡಿಗ್ರಿ ಬಲಕ್ಕೆ. ನಿಮ್ಮ ಫೋಟೋದಲ್ಲಿ ಮೊದಲ ಎರಡರ ನಡುವಿನ ಅಂತರವೇ ಜಾಸ್ತಿ. ಕ್ರಮ ನೋಡಿ ಜಾಗ ಹೇಳಬೇಡಿ, ಅಂತರ ನೋಡಿ ಅಂತ ಇದಕ್ಕೇ ಬಡಕೊಳ್ಳೋದು.

ಈಗ ಅಳತೆ. ಪ್ರಿಂಟ್ ಸ್ಕ್ಯಾನ್ ಮೇಲೆ ಸ್ಕೇಲಿಟ್ಟೆ. ಸಿಯರ್ಸ್ ನಡುವಿನಿಂದ ಬಿಳಿ ಕಟ್ಟಡದ ನಡುವಿಗೆ 80 ಮಿ.ಮೀ., ಅಲ್ಲಿಂದ ಹ್ಯಾನ್ಕಾಕ್‌ಗೆ 27. ಆ ಬಿಳಿ ಕಟ್ಟಡ ಇವತ್ತಿನ ಏಆನ್ ಸೆಂಟರ್, ಕಟ್ಟಿದಾಗ ಸ್ಟಾಂಡರ್ಡ್ ಆಯಿಲ್ ಬಿಲ್ಡಿಂಗ್. ಇದರಲ್ಲೊಂದು ಮಜಾ ಇದೆ. ಏಆನ್ 346 ಮೀಟರ್, ಹ್ಯಾನ್ಕಾಕ್ 344. ನಿಜದಲ್ಲಿ ಒಂದೇ ಎತ್ತರ. ಫೋಟೋದಲ್ಲಿ ಮಾತ್ರ ನೀರಿನ ಗೆರೆಯಿಂದ ಅಳೆದರೆ ಒಂದು 21, ಇನ್ನೊಂದು 14 ಮಿ.ಮೀ. (ಹ್ಯಾನ್ಕಾಕ್‌ನ ಆಂಟೆನಾ ಸೇರಿಸಬೇಡಿ, ಚಾವಣಿ ತನಕ ಮಾತ್ರ.) ಹಾಗಾದರೆ ಹ್ಯಾನ್ಕಾಕ್ ಏಆನ್‌ಗಿಂತ ಒಂದೂವರೆ ಪಟ್ಟು ದೂರ. ಅಂಚಿನಲ್ಲಿರೋ ವಸ್ತುವನ್ನು ಅಗಲ ಲೆನ್ಸ್ ಸ್ವಲ್ಪ ಎಳೆದು ದೊಡ್ಡದು ಮಾಡುತ್ತೆ, ಅದನ್ನು ಕಳೆದರೆ 1.6ರ ಹತ್ತಿರ.

ಸರ್ವೆಯವರ ಹಳೇ ವಿದ್ಯೆ ಶುರುವಾಗೋದು ಇಲ್ಲಿಂದ. ಟ್ರೇಸಿಂಗ್ ಪೇಪರ್ ಮೇಲೆ ಪ್ರಿಂಟ್‌ನಷ್ಟೇ ಉದ್ದದ ಒಂದು ಗೆರೆ ಎಳೆದು ಮೂರು ಕಟ್ಟಡದ ಜಾಗ ಗುರುತು ಮಾಡಿ. ಗೆರೆಯ ಸರಿ ನಡುವಿನಿಂದ ನೆಟ್ಟಗೆ ಕೆಳಗೆ 148 ಮಿ.ಮೀ. ಇಳಿದು ಒಂದು ಚುಕ್ಕಿ ಇಡಿ. 148 ಯಾಕೆ ಅಂದರೆ, ನೆಗೆಟಿವ್ 36 ಮಿ.ಮೀ. ಅಗಲ, ಪ್ರಿಂಟ್ 152, ಅಂದರೆ 4.2 ಪಟ್ಟು ದೊಡ್ಡದು. ಲೆನ್ಸಿನ 35 ಅನ್ನೂ ಅಷ್ಟೇ ಪಟ್ಟು ಮಾಡಿದರೆ ಬರೋದು ಅದು. ಚುಕ್ಕಿಯಿಂದ ಮೂರು ಗುರುತಿಗೂ ಗೆರೆ ಎಳೆದು ಉದ್ದ ಬೆಳೆಸಿ. ಗೆರೆಗಳ ನಡುವೆ ಸುಮಾರು 30 ಡಿಗ್ರಿ ಮತ್ತು 10 ಡಿಗ್ರಿ ಬರುತ್ತೆ. ಈಗ 1:25,000 ಅಳತೆಯಲ್ಲಿ ಪ್ರಿಂಟ್ ಮಾಡಿದ ಮ್ಯಾಪ್ ಮೇಲೆ ಈ ಪೇಪರ್ ಇಟ್ಟು, ಮೂರೂ ಗೆರೆ ಮೂರು ಕಟ್ಟಡದ ಮೇಲೆ ಒಟ್ಟಿಗೆ ಹಾಯೋ ತನಕ ಜರುಗಿಸಿ, ತಿರುಗಿಸಿ. ಕೂತುಕೊಂಡಾಗ ಕೈಗೆ ಗೊತ್ತಾಗುತ್ತೆ. ಚುಕ್ಕಿ ಇರೋದೇ ಕ್ಯಾಮೆರಾ ಇದ್ದ ಜಾಗ.

ನನಗೆ ಚುಕ್ಕಿ ಬಿದ್ದಿದ್ದು ಆಡ್ಲರ್ ಪ್ಲಾನೆಟೇರಿಯಂ ಪಕ್ಕ. ಅಲ್ಲಿಂದ ಏಆನ್ 2.4 ಕಿ.ಮೀ., ಹ್ಯಾನ್ಕಾಕ್ 3.9. ಎತ್ತರದ ಲೆಕ್ಕದ 1.6 ಇಲ್ಲೂ ಬಂತು, ಅದೂ ಬೇರೆ ದಾರಿಯಿಂದ. ಇದು ಬರದಿದ್ದರೆ ನಾನು ಉತ್ತರವೇ ಬರೀತಿರಲಿಲ್ಲ.

ಆ ದಂಡೆಯಲ್ಲಿ ಸ್ವಲ್ಪ ಸರಿದರೂ ಅಂತರ ಎಷ್ಟು ಬದಲಾಗುತ್ತೆ ನೋಡಿ. ಪಶ್ಚಿಮಕ್ಕೆ ಫೀಲ್ಡ್ ಮ್ಯೂಸಿಯಂ ಹತ್ತಿರ ನಿಂತರೆ ಹ್ಯಾನ್ಕಾಕ್ ಏಆನ್‌ಗೆ ಬರೀ 2 ಡಿಗ್ರಿ ಬಲಕ್ಕೆ, ಹೆಚ್ಚುಕಡಿಮೆ ಅಂಟಿಕೊಂಡ ಹಾಗೆ. ಪ್ಲಾನೆಟೇರಿಯಂ ಕಡೆಗೆ ಅರ್ಧ ದಾರಿ ನಡೆದರೆ 6. ಕೊನೆ ಮುಟ್ಟಿದರೆ ನಿಮ್ಮ ಫೋಟೋದ 10. ಹಾಗಾಗಿ ನನ್ನ ಉತ್ತರ ಪೂರ್ವ-ಪಶ್ಚಿಮಕ್ಕೆ ಐವತ್ತರಿಂದ ನೂರು ಮೀಟರ್ ಆಚೀಚೆ ಇರಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಸ್ಟುಡಿಯೋದವರು ಪ್ರಿಂಟ್‌ನ ಒಂದು ಅಂಚು ಕತ್ತರಿಸಿದ್ದರೆ ನಡುಗೆರೆ ತಪ್ಪುತ್ತೆ, ಆ ಅನುಮಾನಕ್ಕೆ ನೆಗೆಟಿವ್ ಹುಡುಕಿ. ದೋಣಿಯಿಂದ ತೆಗೆದಿದ್ದಾ ಅನ್ನೋರಿಗೆ, ಕಾಲ ಕೆಳಗೆ ಕಲ್ಲುಕಟ್ಟೆ ಇದೆ ಸ್ವಾಮಿ.

ಒಂದು ಎಚ್ಚರ. ಉಪಗ್ರಹ ಚಿತ್ರದಲ್ಲಿ ಎತ್ತರದ ಕಟ್ಟಡ ವಾಲಿದ ಹಾಗೆ ಕಾಣುತ್ತೆ. ಎಲ್ಲರೂ ಚಾವಣಿಗೆ ಪಿನ್ ಚುಚ್ಚುತ್ತಾರೆ, ಆಗ ಕಟ್ಟಡ ಹತ್ತಾರು ಮೀಟರ್ ಪಕ್ಕಕ್ಕೆ ಹೋಗಿಬಿಡುತ್ತೆ. ಬುಡಕ್ಕೆ ಚುಚ್ಚಿ. ಸಿಯರ್ಸ್ ಬುಡದಲ್ಲೂ ಗೋಪುರದ ಚೌಕ ಒಂದು ಬದಿಗೆ 69 ಮೀಟರ್ ಮಾತ್ರ, ಸುತ್ತಲಿನ ಅಗಲದ ಕೆಳಕಟ್ಟಡ ಲೆಕ್ಕಕ್ಕಿಲ್ಲ.

ವರ್ಷ ಕೇಳಿರಲಿಲ್ಲ, ಆದರೂ: ಏಆನ್ ಪಕ್ಕದಲ್ಲಿ ಟೂ ಪ್ರುಡೆನ್ಷಿಯಲ್‌ನ ಚೂಪು ತಲೆ ಇಲ್ಲ. ಅದು ಮುಗಿದಿದ್ದು 1990ರಲ್ಲಿ. ನೀವು ಹೇಳಿದ ದಶಕಕ್ಕೆ ಇದು ಹೊಂದುತ್ತೆ.

ಪ್ರಶ್ನೆ: ಫೋಟೋದಲ್ಲಿ ಎಲ್ಲಕ್ಕಿಂತ ಎತ್ತರ ಕಾಣೋದೇ ಹತ್ತಿರದ ಕಟ್ಟಡ ಅಲ್ವಾ?

ಅಲ್ಲ.

ಪ್ರಶ್ನೆ: ಒಬ್ಬರು ಫೋಟೋ ನೋಡಿದ ಕೂಡಲೇ ಜಾಗ ಹೇಳ್ತಾರಂತೆ, ಎರಡು ಸಾವಿರ ಕೇಳ್ತಿದ್ದಾರೆ. ಕೊಡಬಹುದಾ?

ಯಾವ ಎರಡು ಕಟ್ಟಡದ ನಡುವಿನ ಅಂತರ ಅಳೆದಿರಿ, ಎಷ್ಟು ಮೀಟರ್ ಆಚೀಚೆ ಇರಬಹುದು, ಈ ಎರಡು ಕೇಳಿ. ‘ಅನುಭವ’ ಅಂದರೆ ಎದ್ದು ಬನ್ನಿ. ಇಂಥವರೊಬ್ಬರು ತಿರುಗುಮುರುಗಾಗಿ ಸ್ಕ್ಯಾನ್ ಆದ ಸ್ಲೈಡಿಗೂ ವಿಳಾಸ ಕೊಟ್ಟಿದ್ದನ್ನು ನಾನೇ ನೋಡಿದ್ದೀನಿ.

ಪ್ರಶ್ನೆ: ಪರಿಚಯದ ಹುಡುಗಿ ಬಾಲ್ಕನಿಯಿಂದ ತೆಗೆದ ಫೋಟೋ ಹಾಕಿದ್ದಾಳೆ. ಯಾವ ಅಪಾರ್ಟ್‌ಮೆಂಟ್, ಎಷ್ಟನೇ ಮಹಡಿ ಅಂತ ಹೇಳ್ತೀರಾ?

ಹೇಳಲ್ಲ. ಪರಿಚಯ ಇದ್ದರೆ ಅವಳನ್ನೇ ಕೇಳಿ. ಇಂಥ ಫೋಟೋ ಕಳಿಸಿದವರ ಪತ್ರ ನಾನು ತೆರೆದು ಅಲ್ಲೇ ಅಳಿಸ್ತೀನಿ, ಅಳತೆಗೆ ಸ್ಕೇಲೂ ಮುಟ್ಟಲ್ಲ.