ಅಮ್ಮನ ಬೆರಳ ಗಂಟು ನೋವು, ರಕ್ತದ ರಿಪೋರ್ಟ್

"ಅಮ್ಮನಿಗೆ 54 ವರ್ಷ. ಎರಡು ತಿಂಗಳಿಂದ ಎರಡೂ ಕೈಯ ಬೆರಳ ಗಂಟು ನೋವು, ಬಾವು. ಯೂರಿಕ್ ಆಸಿಡ್ 7.1, ಸಿಆರ್‌ಪಿ 22, ಆರ್‌ಎ ಫ್ಯಾಕ್ಟರ್ ನೆಗೆಟಿವ್. ಬಿಪಿ ಮಾತ್ರೆ ಇದೆ. ಯೂರಿಕ್ ಆಸಿಡ್ ಮಾತ್ರೆ ಶುರು ಮಾಡಬಹುದಾ?"

ಈಗಲೇ ಬೇಡ ತಮ್ಮಾ. ನಾನು ಡಾಕ್ಟರಲ್ಲ. ಲ್ಯಾಬಿನಲ್ಲಿ ರಕ್ತ ತೆಗೆದು ತೆಗೆದು ರಿಟೈರ್ ಆದವನು, ಈಗ ತೀರ್ಥಹಳ್ಳಿ ಹತ್ತಿರ ತೋಟ ನೋಡಿಕೊಂಡಿದ್ದೇನೆ. ರಿಪೋರ್ಟಿಗಿಂತ ಮೊದಲು ಅಮ್ಮನ ಕೈ ನೋಡಿ.

ಯೂರಿಕ್ ಆಸಿಡ್‌ನಿಂದ ಬರುವ ಗೌಟ್ ಸಾಮಾನ್ಯವಾಗಿ ರಾತ್ರಿ ಬೆಳಗಾಗುವುದರೊಳಗೆ ಏರುತ್ತದೆ. ಹೆಚ್ಚಾಗಿ ಒಂದೇ ಗಂಟು, ಅದೂ ಕಾಲಿನ ಹೆಬ್ಬೆರಳ ಬುಡ. ಕೆಂಪಾಗಿ, ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ನಿಮ್ಮಮ್ಮನದು ಎರಡೂ ಕೈ, ಎರಡು ತಿಂಗಳು. ಇದಕ್ಕೂ ಅದಕ್ಕೂ ಹೊಂದುವುದಿಲ್ಲ. 7.1 ಇದ್ದವರಲ್ಲಿ ಬಹಳ ಜನಕ್ಕೆ ಗೌಟ್ ಬರುವುದೇ ಇಲ್ಲ. ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿ ಇದ್ದರೂ ಯೂರಿಕ್ ಆಸಿಡ್ ಏರುತ್ತದೆ. ಮಾತ್ರೆಯ ಹಾಳೆ ತಿರುಗಿಸಿ ಹೈಡ್ರೋಕ್ಲೋರೋಥಯಾಜೈಡ್ ಅಂತಿದೆಯಾ ನೋಡಿ. ಇದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಮೇಲೆ ಸಾಗರದ ಅಣ್ಣ ತೊಗರಿಬೇಳೆ ಬಿಡಿ ಅಂದಿದ್ದಾರೆ. ಗೌಟ್ ಇದ್ದವರಿಗೆ ಊಟದ ಪಥ್ಯ ಇದೆ ಅನ್ನುವುದು ಸರಿ. ಆದರೆ ಅದು ಮುಖ್ಯವಾಗಿ ಮಾಂಸ, ಕೆಲವು ಜಾತಿ ಮೀನು, ಮದ್ಯಕ್ಕೆ. ಬೇಳೆ ಸಾರು ಬಿಟ್ಟರೆ ಬೆರಳ ಬಾವು ಇಳಿಯಲ್ಲ. ಇನ್ನೊಬ್ಬರು ಮಂಡಿ ಸವೆತಕ್ಕೆ ಎಣ್ಣೆ ಹೇಳಿದ್ದಾರೆ. ಇಲ್ಲಿ ಕೇಳಿದ್ದು ಮಂಡಿಯದಲ್ಲ.

ಸಿಆರ್‌ಪಿ 22 ಅಂದರೆ ಒಳಗೆಲ್ಲೋ ಉರಿ ಇದೆ ಅಂತ ಅಷ್ಟೇ. ಎಲ್ಲಿ ಅಂತ ಹೇಳಲ್ಲ. ಹಲ್ಲು ಕೀವು, ಮೂತ್ರದ ಸೋಂಕು ಇದ್ದರೂ ಅಷ್ಟು ಬರುತ್ತದೆ.

ನಾನು ಎಡವಿದ್ದು ಆರ್‌ಎ ಫ್ಯಾಕ್ಟರ್‌ನಲ್ಲಿ. ಅದು ರುಮಟಾಯ್ಡ್ ಅನ್ನುವ ಕೀಲುವಾತಕ್ಕೆ ಮಾಡಿಸುವ ರಕ್ತ ಪರೀಕ್ಷೆ. ನನ್ನ ಹೆಂಡತಿಗೂ ನೆಗೆಟಿವ್ ಬಂದಿತ್ತು, ಯೂರಿಕ್ ಆಸಿಡ್ ಸ್ವಲ್ಪ ಮೇಲಿತ್ತು. ನೆಗೆಟಿವ್ ಅಲ್ವಾ ಅಂತ ನಾನೇ ಸುಮ್ನೆ ಆದೆ. ಯೂರಿಕ್ ಆಸಿಡ್ ಮಾತ್ರೆ ಕೊಟ್ಟರು, ಮೂರು ತಿಂಗಳು ನುಂಗಿದಳು. ಬೆಳಿಗ್ಗೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ, ಹತ್ತು ಗಂಟೆವರೆಗೆ ಕಾಯಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಸಲೀಸು. ಆಮೇಲೆ ಕೀಲುವಾತದ ತಜ್ಞರು ರುಮಟಾಯ್ಡ್‌ಗೇ ಇರುವ ಇನ್ನೊಂದು ರಕ್ತ ಪರೀಕ್ಷೆ, ಆಂಟಿ-ಸಿಸಿಪಿ ಮಾಡಿಸಿದರು, ಅದು ಪಾಸಿಟಿವ್. ರುಮಟಾಯ್ಡ್ ಇರುವವರಲ್ಲಿ ಐದರಲ್ಲಿ ಒಬ್ಬರಿಗಾದರೂ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇರುತ್ತದೆ. ಏನೂ ಕಾಯಿಲೆ ಇಲ್ಲದ ವಯಸ್ಸಾದವರಿಗೆ ಪಾಸಿಟಿವ್ ಬರುವುದೂ ಉಂಟು.

ಹಾಗಾಗಿ ನಾಳೆ ಬೆಳಿಗ್ಗೆ ಅಮ್ಮ ಎದ್ದ ಕೂಡಲೇ ಗಡಿಯಾರ ನೋಡಿ, ಕೈ ಸಡಿಲ ಆಗಲು ಎಷ್ಟು ಹೊತ್ತು ಬೇಕು ಅಂತ ಬರೆದಿಡಿ. ಅರ್ಧ ಗಂಟೆಗಿಂತ ಜಾಸ್ತಿಯಾದರೆ, ಬಾವು ಬೆರಳ ಬುಡದ ಗಂಟಲ್ಲೋ ಮಣಿಕಟ್ಟಲ್ಲೋ ಇದ್ದರೆ, ತಡ ಮಾಡದೆ ಶಿವಮೊಗ್ಗದಲ್ಲಿ ಕೀಲುವಾತದ ತಜ್ಞರಿಗೆ ತೋರಿಸಿ. ಉಗುರಿನ ಹತ್ತಿರದ ಗಂಟು ಮಾತ್ರ ದಪ್ಪಗಾಗಿದ್ದರೆ ಸವೆತ ಇರಬಹುದು, ಆದರೆ ಸಿಆರ್‌ಪಿ ಅಷ್ಟಿರುವುದಕ್ಕೆ ಬೇರೆ ಕಾರಣ ಹುಡುಕಬೇಕು. ಅಲ್ಲಿಯವರೆಗೆ ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಮಾತ್ರೆ ಬೇಡ. ಬಾವು ಇಳಿದು ಹೋದರೆ ಡಾಕ್ಟರಿಗೆ ನೋಡಲು ಏನೂ ಸಿಗಲ್ಲ.

ಒಂದು ಕೇಳುವುದು ಬಿಟ್ಟಿದ್ದೆ. ನೋವು ಶುರುವಾಗುವ ಮೊದಲು ಅಮ್ಮನಿಗೆ ಜೋರು ಜ್ವರ, ಮೈಮೇಲೆ ಗಂದೆ ಬಂದಿತ್ತಾ? ಚಿಕುನ್‌ಗುನ್ಯಾ ಆಗಿದ್ದರೂ ಹೀಗೇ ತಿಂಗಳುಗಟ್ಟಲೆ ಎರಡೂ ಕೈ ಹಿಡಿಯುತ್ತದೆ. ಕೇಳಿ ಇಲ್ಲೇ ಬರೆಯಿರಿ.